ಒಲೆಯ ನೀಲಿ ಉರಿಯ ಲೆಕ್ಕ: ಬಂಧಶಕ್ತಿಯಿಂದ ಮೀಥೇನ್‌ನ ಶಾಖ

ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹನ್ನೊಂದಕ್ಕೆ ಜೂನಿಯರ್ ಕಾಲೇಜು ಸೇರಿರುವ, ನಮ್ಮ ಡೊಂಬಿವಲಿಯ ಭಾನುವಾರದ ಪಾಠಕ್ಕೆ ಬರುವ ಮಕ್ಕಳಿಗಾಗಿ ಬರೆದ ಲೆಕ್ಕ ಇದು. ನಿಮ್ಮಲ್ಲಿ ಹೆಚ್ಚಿನವರ ಮನೆಗೆ ಪೈಪ್ ಗ್ಯಾಸ್ ಬಂದಿದೆ. ಅದರ ಬಹುಪಾಲು ಮೀಥೇನ್. ಹಾಗಾಗಿ ಪುಸ್ತಕ ಮುಚ್ಚಿಟ್ಟು ಅಡುಗೆಮನೆಯಲ್ಲೇ ಶುರುಮಾಡೋಣ.

ಪ್ರಶ್ನೆ

ಕೆಳಗಿನ ಬಂಧಶಕ್ತಿಗಳನ್ನು ಬಳಸಿ, 1 ಮೋಲ್ ಮೀಥೇನ್ ಪೂರ್ತಿಯಾಗಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆದಾಗ ಹೊಮ್ಮುವ ಶಾಖವನ್ನು ಕಂಡುಹಿಡಿಯಿರಿ. ಆ ಉತ್ತರದಿಂದ, 1 ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಕನಿಷ್ಠ ಎಷ್ಟು ಗ್ರಾಂ ಮೀಥೇನ್ ಬೇಕೆಂದು ಹೇಳಿ.

ಬಂಧಶಕ್ತಿ, ಪ್ರತಿ ಮೋಲ್‌ಗೆ ಕಿಲೋಜೂಲ್‌ನಲ್ಲಿ:

C–H : 414
O=O : 498
C=O (CO₂ ಒಳಗಿನದು) : 799
O–H : 463

ಪೆನ್ನು ಹಿಡಿಯುವ ಮೊದಲು

ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಬಂಧ ಮುರಿದಾಗ ಒಳಗಿದ್ದ ಶಕ್ತಿ ಹೊರಗೆ ಬರುತ್ತದಲ್ಲವೇ?" ಇಲ್ಲ, ಆಗುವುದು ಅದರ ತಿರುವುಮುರುವು. ಒಂದಕ್ಕೊಂದು ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಿ ನೋಡಿ, ಕೈಗೆ ಶ್ರಮ ಗೊತ್ತಾಗುತ್ತದೆ. ಅವನ್ನೇ ಹತ್ತಿರ ತಂದರೆ ತಾವಾಗಿ ಟಕ್ಕೆಂದು ಕೂಡಿಕೊಳ್ಳುತ್ತವೆ. ಬಂಧವೂ ಹಾಗೆಯೇ: ಮುರಿಯಲು ಶಕ್ತಿಯನ್ನು ನಾವು ಕೊಡಬೇಕು, ಕೂಡುವಾಗ ಅದು ನಮಗೆ ಬರುತ್ತದೆ. ಮೀಥೇನ್ ಉರಿದರೆ ಬಿಸಿ ಹುಟ್ಟುವುದು ಮೀಥೇನ್ ಮುರಿದದ್ದರಿಂದಲ್ಲ. ಮುರಿದ ಪರಮಾಣುಗಳು ಇನ್ನೂ ಗಟ್ಟಿಯಾದ ಜೋಡಿಗಳನ್ನು ಕಟ್ಟಿಕೊಂಡದ್ದರಿಂದ.

ಇದಿಷ್ಟು ತಲೆಯಲ್ಲಿ ಕೂತರೆ ಋಣ, ಧನ ಚಿಹ್ನೆಗಳನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಬಿಡಿಸುವ ಕ್ರಮ

ಮೊದಲು ಸಮತೋಲಿತ ಸಮೀಕರಣ:

CH₄ + 2O₂ → CO₂ + 2H₂O

ಈಗ ಪ್ರತಿ ಅಣುವಿನ ಚಿತ್ರ ಬಿಡಿಸಿ, ಗೆರೆಗಳನ್ನು ಬೆರಳಿಟ್ಟು ಎಣಿಸಿ. ನಾನು ಸೋಮಾರಿತನವನ್ನು ಸಹಿಸದಿರುವುದು ಈ ಒಂದು ಜಾಗದಲ್ಲಿ ಮಾತ್ರ. ಚಿತ್ರವಿಲ್ಲದೆ ಎಣಿಸಿದವರು ಸಾಮಾನ್ಯವಾಗಿ ನೀರಿನಲ್ಲಿ ಎಡವುತ್ತಾರೆ. ಸಮೀಕರಣದಲ್ಲಿ 2H₂O ಎಂದಿರುವುದನ್ನು ನೋಡಿ ಎರಡೇ O–H ಎಂದು ಬರೆದುಬಿಡುತ್ತಾರೆ. ಒಂದು ನೀರಿನ ಅಣುವಿನಲ್ಲೇ ಎರಡು O–H ಇವೆ. ಎರಡು ಅಣುಗಳಿಗೆ ನಾಲ್ಕಾಯಿತು.

ಮುರಿಯುವ ಬಂಧಗಳು:

4 × C–H = 4 × 414 = 1656
2 × O=O = 2 × 498 = 996
ಒಟ್ಟು ಕೊಡಬೇಕಾದದ್ದು = 2652 ಕಿಲೋಜೂಲ್

ಕೂಡುವ ಬಂಧಗಳು:

2 × C=O = 2 × 799 = 1598
4 × O–H = 4 × 463 = 1852
ಒಟ್ಟು ಮರಳಿ ಬರುವುದು = 3450 ಕಿಲೋಜೂಲ್

ΔH = ಮುರಿಯಲು ಕೊಟ್ಟದ್ದು − ಕೂಡುವಾಗ ಬಂದದ್ದು
ΔH = 2652 − 3450 = −798 ಕಿಲೋಜೂಲ್

ಋಣ ಚಿಹ್ನೆ ಎಂದರೆ ಶಾಖ ಹೊರಬಿತ್ತು, ಕ್ರಿಯೆ ಬಹಿರುಷ್ಣಕ. ಉತ್ತರ ಬರೆಯುವಾಗ "1 ಮೋಲ್ ಮೀಥೇನ್‌ಗೆ 798 ಕಿಲೋಜೂಲ್ ಶಾಖ ಹೊಮ್ಮುತ್ತದೆ" ಎನ್ನಿ. "−798 ಕಿಲೋಜೂಲ್ ಶಾಖ ಹೊಮ್ಮುತ್ತದೆ" ಎಂದರೆ ಎರಡು ಸಲ ಕಳೆದಂತಾಯಿತು.

ಹಾಗಾದರೆ ಮೊದಲಿಗೆ ಬೇಕಾದ 2652 ಕಿಲೋಜೂಲ್ ಕೊಟ್ಟವರು ಯಾರು? ಲೈಟರಿನ ಕಿಡಿಗೆ ಅಷ್ಟು ತಾಕತ್ತಿಲ್ಲ. ಅದು ಬರ್ನರ್ ಬಾಯಲ್ಲಿರುವ ಒಂದಿಷ್ಟು ಅಣುಗಳನ್ನಷ್ಟೇ ಕೆಣಕುತ್ತದೆ. ಅವು ಉರಿದು ಕೊಟ್ಟ ಬಿಸಿ ಹಿಂದೆ ಬರುವ ಅಣುಗಳನ್ನು ಮುರಿಯುತ್ತದೆ, ಅವುಗಳ ಬಿಸಿ ಅವುಗಳ ಹಿಂದಿನವನ್ನು. ಹಾಗೆ ಸಾಗುತ್ತದೆ, ನೀವು ನಾಬ್ ತಿರುಗಿಸಿ ಆರಿಸುವ ತನಕ.

ನೀರು ಕಾಯಿಸುವ ಭಾಗ

ಬೇಕಾದ ಶಾಖ = 1000 × 4.18 × 70 = 292600 ಜೂಲ್ = 292.6 ಕಿಲೋಜೂಲ್
ಮೀಥೇನ್ = 292.6 ÷ 798 = 0.367 ಮೋಲ್
ತೂಕ = 0.367 × 16 = 5.9 ಗ್ರಾಂ, ಸುಮಾರಾಗಿ

ಪ್ರಶ್ನೆಯಲ್ಲಿ "ಕನಿಷ್ಠ" ಎಂಬ ಪದ ಸುಮ್ಮನೆ ಇಟ್ಟದ್ದಲ್ಲ. ಪಾತ್ರೆಯ ಬದಿಯಿಂದ ಮೇಲೇರಿ ಹೋಗುವ ಬಿಸಿಗಾಳಿ, ಪಾತ್ರೆ ತಾನೇ ಹೀರುವ ಬಿಸಿ, ಇವೆಲ್ಲ ಸೇರಿದರೆ ನಿಜವಾದ ಖರ್ಚು ಇದಕ್ಕಿಂತ ಚೆನ್ನಾಗಿಯೇ ಹೆಚ್ಚಿರುತ್ತದೆ.

ಪುಸ್ತಕದ ಸಂಖ್ಯೆ ಬೇರೆ ಇದೆಯಲ್ಲ?

ಇದೆ. ಮೀಥೇನ್‌ನ ದಹನಕ್ಕೆ ಪುಸ್ತಕದಲ್ಲಿ ಸಾಮಾನ್ಯವಾಗಿ −890 ಎಂದು ಕಾಣುತ್ತೀರಿ. ಹಾಗೆಂದು ನಮ್ಮ ಲೆಕ್ಕ ತಪ್ಪಲ್ಲ. ಬಂಧಶಕ್ತಿಗಳನ್ನು ಅನಿಲ ರೂಪದ ಅಣುಗಳಿಗೆ ಕೊಟ್ಟಿರುತ್ತಾರೆ, ಆದ್ದರಿಂದ ನಮ್ಮ ನೀರು ಇನ್ನೂ ಆವಿ. ಪುಸ್ತಕದ ನೀರು ತಣಿದು ದ್ರವವಾಗಿದೆ. 25 ಡಿಗ್ರಿಯಲ್ಲಿ 1 ಮೋಲ್ ಆವಿ ನೀರಾಗುವಾಗ ಸುಮಾರು 44 ಕಿಲೋಜೂಲ್ ಕೊಡುತ್ತದೆ, ಎರಡು ಮೋಲ್‌ಗೆ 88. ಅಳೆದು ಕಂಡ, ಆವಿಯ ಲೆಕ್ಕದ ಬೆಲೆ −802. ಅದಕ್ಕೆ 88 ಸೇರಿದರೆ −890.

ಇದನ್ನು ಕಣ್ಣಾರೆ ನೋಡಬಹುದು. ಸ್ಟೀಲ್ ಪಾತ್ರೆಯಲ್ಲಿ ತಣ್ಣೀರು ತುಂಬಿ, ತಳವನ್ನು ಒರೆಸಿ ಒಣಗಿಸಿ, ಉರಿಯ ಮೇಲಿಡಿ. ಮೊದಲ ಕೆಲವು ಕ್ಷಣ ಪಾತ್ರೆಯ ಹೊರಮೈಗೆ ಮಂಜು ಹಿಡಿದಂತಾಗಿ ಸಣ್ಣ ಹನಿಗಳು ಕೂರುತ್ತವೆ, ಒಂದೆರಡು ಬರ್ನರಿಗೆ ಬಿದ್ದು ಚುರ್ ಎನ್ನುತ್ತವೆ. ನನ್ನ ಅಮ್ಮ ಪಾತ್ರೆ ತೂತಾಗಿದೆ ಎಂದು ಒಂದು ಒಳ್ಳೆಯ ಕುಕ್ಕರನ್ನೇ ಮೂಲೆಗೆ ಹಾಕಿದ್ದರು. ಆ ಹನಿ ಮೀಥೇನ್‌ನ ಹೈಡ್ರೋಜನ್ನಿನಿಂದ ಹುಟ್ಟಿದ ನೀರು.

ಉಳಿದ 798 ಮತ್ತು 802ರ ನಡುವಿನ ಸಣ್ಣ ವ್ಯತ್ಯಾಸಕ್ಕೆ ಕಾರಣ ಸರಾಸರಿ. 414 ಎಂಬುದು ಬೇರೆ ಬೇರೆ ಅಣುಗಳ C–H ಬಂಧಗಳನ್ನು ಸೇರಿಸಿ ತೆಗೆದ ಬೆಲೆ. ಮೀಥೇನ್‌ನಿಂದ ಮೊದಲ ಹೈಡ್ರೋಜನ್ ಕೀಳಲು ಸುಮಾರು 439 ಬೇಕು, ಕೊನೆಯದಕ್ಕೆ ಸುಮಾರು 338 ಸಾಕು.

ಇನ್ನೊಂದು ಎಚ್ಚರಿಕೆ, ಇದು ಅಂಕ ಕಳೆಯುವ ಜಾಗ. ಕೆಲವು ಪಟ್ಟಿಗಳಲ್ಲಿ C=O ಎಂದರೆ 745 ಎಂದಿರುತ್ತದೆ. ಅದು ಆಲ್ಡಿಹೈಡ್, ಕೀಟೋನ್‌ಗಳಂಥವುಗಳ ಸರಾಸರಿ. CO₂ ಒಳಗಿನ ಬಂಧ ಅದಕ್ಕಿಂತ ಗಟ್ಟಿ. 745 ಹಾಕಿದರೆ ಉತ್ತರ −690ಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆಪತ್ರಿಕೆ ಕೊಟ್ಟ ಸಂಖ್ಯೆಯನ್ನೇ ಬಳಸಿ, ವಾದಕ್ಕೆ ಇಳಿಯಬೇಡಿ.

ನೀವೇ ಮಾಡಿ

ಸಿಲಿಂಡರಿನ ಗ್ಯಾಸಿನಲ್ಲಿ ಪ್ರೋಪೇನ್ ಮತ್ತು ಬ್ಯೂಟೇನ್ ಇರುತ್ತವೆ. C–C ಬಂಧಕ್ಕೆ 347 ಇಟ್ಟುಕೊಂಡು ಪ್ರೋಪೇನ್‌ಗೆ ಇದೇ ಲೆಕ್ಕ ಮಾಡಿ:

C₃H₈ + 5O₂ → 3CO₂ + 4H₂O

ಉತ್ತರ −2002 ಕಿಲೋಜೂಲ್ ಬರಬೇಕು. ಬರದಿದ್ದರೆ C–C ಎರಡೇ ಇವೆ ಎಂಬುದನ್ನು ಮತ್ತೊಮ್ಮೆ ನೋಡಿ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಒಂದೇ ಗಾತ್ರದ ಅನಿಲಗಳಲ್ಲಿ ಮೋಲ್‌ಗಳೂ ಸರಿಸುಮಾರು ಒಂದೇ. ಅಂದರೆ ಒಂದು ಲೋಟ ಪ್ರೋಪೇನ್ ಒಂದು ಲೋಟ ಮೀಥೇನ್‌ನ ಎರಡೂವರೆ ಪಟ್ಟು ಶಾಖ ಕೊಡುತ್ತದೆ. ನಿಮ್ಮ ಬಿಲ್ಡಿಂಗಿಗೆ ಪೈಪ್ ಬಂದ ದಿನ ಮೆಕ್ಯಾನಿಕ್ ಒಲೆ ಬಿಚ್ಚಿ ಜೆಟ್ ಬದಲಿಸಿದ್ದು ನೆನಪಿದೆಯೇ? ಹೊಸ ಜೆಟ್ಟಿನ ತೂತು ಹಳೆಯದಕ್ಕಿಂತ ದೊಡ್ಡದೋ ಚಿಕ್ಕದೋ, ಏಕೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಮುಂದಿನ ಭಾನುವಾರ ಬನ್ನಿ.