ಚಿಕ್ಕಮ್ಮ, ನಿನ್ನ ಸ್ಕ್ರೀನ್‌ಶಾಟ್ ನೋಡಿದೆ

ಚಿಕ್ಕಮ್ಮ, ನಿನ್ನ ಮ್ಯೂಚುವಲ್ ಫಂಡ್ ಚೆನ್ನಾಗಿದೆಯಾ ಅಂತ ಕೇಳಿದ್ಯಲ್ಲ, ಹೌದು, ಚೆನ್ನಾಗೇ ಇದೆ. ಬೆಳಿಗ್ಗೆ 5:40ಕ್ಕೆ ಎದ್ದು ಬ್ಯಾಟರಿ 4 ಪರ್ಸೆಂಟ್ ಇರುವಾಗ ನೋಡಿ ಹೆದರುವಂಥದ್ದೇನೂ ಇಲ್ಲ.

ತಿಂಗಳಿಗೆ 2,000ದಂತೆ 36 ಕಂತು, ಒಟ್ಟು 72,000 ಹಾಕಿದ್ದೀಯ. ಈಗಿನ ಬೆಲೆ 86,940. ಲಾಭ 14,940.

ನೀನು ಕಂಗಾಲಾಗಿದ್ದು ಕೆಂಪು ಅಕ್ಷರದ −616 ನೋಡಿ ಅಲ್ವಾ? ಅದು ಒಂದು ದಿನದ ಏರಿಳಿತ ಅಷ್ಟೇ. ಮೇಲೆ 1D ಅಂತ ಸಣ್ಣದಾಗಿ ಬರೆದಿದೆ, ನೋಡು. ನಿನ್ನ ಕೈಯಿಂದ ಯಾರೂ 616 ರೂಪಾಯಿ ತಗೊಂಡು ಹೋಗಿಲ್ಲ.

ಯುನಿಟ್ಟು 1,207.5 ಅಂತಿದೆಯಲ್ಲ, ಅದನ್ನ ಅಟ್ಟದ ಮೇಲಿನ ಅಡಿಕೆ ಅಂದುಕೋ. NAV 72 ಅನ್ನೋದು ಒಂದು ಯುನಿಟ್ಟಿನ ಇವತ್ತಿನ ರೇಟು. ಶಿರಸಿ ಪೇಟೆಯಲ್ಲಿ ರಾಶಿ ಅಡಿಕೆ ರೇಟು ಇಳಿದರೆ ಅಟ್ಟದ ಮೂಟೆ ಕಡಿಮೆ ಆಗುತ್ತಾ? ಇಲ್ಲೂ ಹಾಗೇ. 1,207.5 ಅನ್ನು 72ರಿಂದ ಗುಣಿಸು, 86,940 ಬರುತ್ತೆ. ರೇಟು 50 ಇದ್ದ ತಿಂಗಳು ನಿನ್ನ 2,000ಕ್ಕೆ 40 ಯುನಿಟ್ ಬಂದಿತ್ತು, 72 ಇದ್ದರೆ 28 ಕೂಡ ಬರಲ್ಲ. ಪಕ್ಕದ ಮನೆಯವರ ಹತ್ರ 5,000 ಯುನಿಟ್ ಇದೆ ಅಂದ್ಯಲ್ಲ, ಅವರ ಫಂಡಿನ ರೇಟು 11 ಇದ್ದರೆ ಅದು 55,000 ಮಾತ್ರ. ಯುನಿಟ್ ಎಣಿಸಿ ಹೊಟ್ಟೆ ಉರಿಸಿಕೊಳ್ಳಬೇಡ. (ಹಳೇ ಅಡಿಕೆಗೆ ಹುಳ ಹಿಡಿದ ಹಾಗೆ ಯುನಿಟ್ಟಿಗೆ ಹಿಡಿಯಲ್ಲ, ಅದೊಂದು ಲಾಭ.)

ಇನ್ನು ಅಲ್ಲಿ 20.75, 12.6 ಅಂತ ಎರಡು ಬೇರೆ ಬೇರೆ ಪರ್ಸೆಂಟ್ ಯಾಕೆ ಅಂತ ಕೇಳೇ ಕೇಳ್ತೀಯ. 20.75 ಅನ್ನೋದು ಹಾಕಿದ ದುಡ್ಡಿಗೆ ಒಟ್ಟು ಬಂದ ಲಾಭ. ಆದರೆ ಮೊದಲ ಕಂತು ಮೂರು ವರ್ಷ ದುಡಿದಿದೆ, ಕೊನೆಯದು ಒಂದೇ ತಿಂಗಳು. ಪ್ರತಿ ಕಂತಿನ ಅವಧಿಯನ್ನೂ ಲೆಕ್ಕ ಹಿಡಿದು ವರ್ಷಕ್ಕೆ ಎಷ್ಟು ಅಂತ ಹೇಳೋದು XIRR. ನಿಂದು 12.6. ನೀನು ನೋಡಬೇಕಾದ್ದು ಇದನ್ನೇ. ಇದೇ ಕಂತುಗಳಿಗೆ 6.7 ಪರ್ಸೆಂಟ್ ಆರ್‌ಡಿ ಬಡ್ಡಿ ಸಿಕ್ಕಿದ್ದರೆ ಸುಮಾರು 79,900 ಆಗ್ತಿತ್ತು. ಆ ಏಳು ಸಾವಿರ ಹೆಚ್ಚು ಬಂದಿದ್ದು ಈ ಏರಿಳಿತ ತಡೆದುಕೊಂಡಿದ್ದಕ್ಕೆ. ಆರ್‌ಡಿ ಹಾಗಲ್ಲ, ಅದು ಇಳಿಯಲ್ಲ. ಇದು ನಾಳೆ 75,000ಕ್ಕೂ ಇಳಿಯಬಹುದು.

ಅದಕ್ಕೇ ಒಂದು ಮಾತು ಕೇಳ್ತೇನೆ. ಈ ದುಡ್ಡು ಯಾತಕ್ಕೆ? ಮುಂದಿನ ಜೂನ್‌ನಲ್ಲಿ ತಂಗಿಯ ಕಾಲೇಜು ಫೀಸಿಗೆ ಅಂತಾದರೆ, ಅಷ್ಟನ್ನ ಈಗಲೇ ಬಿಡಿಸಿ ಎಫ್‌ಡಿಗೆ ಹಾಕೋಣ. ಮನೆಯ ಮಾಡಿಗೆ ಇನ್ನೂ ಏಳೆಂಟು ವರ್ಷ ಬಿಟ್ಟು ಅಂದರೆ ಮುಟ್ಟಬೇಡ, ಕಂತು ಹೋಗ್ತಾ ಇರಲಿ.

ಸ್ಕ್ರೀನ್‌ಶಾಟಿನಲ್ಲಿ ನಿನ್ನ ಫಂಡ್ ಖಾತೆಯ ಫೋಲಿಯೋ ನಂಬರೂ ಬಂದಿದೆ. ಫ್ಯಾಮಿಲಿ ಗ್ರೂಪಿಗೂ ಹಾಕಿದ್ದರೆ ಅಳಿಸಿಬಿಡು. ಶನಿವಾರ ಕಾರವಾರದಿಂದ ಬರ್ತೇನೆ, ಕೂತು ನೋಡೋಣ. ಮೊದಲು ಫೋನ್ ಚಾರ್ಜಿಗೆ ಹಾಕು.