ರತ್ನಮ್ಮನವರಿಗೆ: ಕೆಲಸದ ಸಮಯ ಮತ್ತು ಮುಂಗಡ ಹಣದ ವಿಚಾರ

ಬನಶಂಕರಿ ಎರಡನೇ ಹಂತ, ಬೆಂಗಳೂರು
ಮೇ 10, 2025, ಶನಿವಾರ

ರತ್ನಮ್ಮನವರಿಗೆ ನಮಸ್ಕಾರ.

ಗುರುವಾರ ನೀವು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತೇ ಎರಡು ವಿಷಯ ಮಾತನಾಡಿದೆವು. ಕಾವ್ಯಾಳನ್ನು ಪಿಯುಸಿಗೆ ಸೇರಿಸಲು ಹದಿನೆಂಟು ಸಾವಿರ ರೂಪಾಯಿ ಮುಂಗಡ ಬೇಕೆಂದು ನೀವು ಕೇಳಿದಿರಿ. ಜೂನ್‌ನಿಂದ ಕೆಲಸದ ಸಮಯ ಬದಲಿಸಿಕೊಳ್ಳಲು ಸಾಧ್ಯವೇ ಎಂದು ನಾನು ಕೇಳಿದೆ. ಎರಡೂ ಒಟ್ಟಿಗೆ ಬಂದದ್ದರಿಂದ, ಸಮಯ ಬದಲಿಸಿದರೆ ಮಾತ್ರ ಹಣ ಕೊಡುತ್ತಾರೇನೋ ಎಂಬ ಅನುಮಾನ ನಿಮಗೆ ಬಂದಿರಬಹುದು. ಹಾಗಿಲ್ಲ. ಅದನ್ನು ಬರವಣಿಗೆಯಲ್ಲೇ ಹೇಳಬೇಕೆಂದು ಈ ಕಾಗದ ಬರೆಯುತ್ತಿದ್ದೇನೆ. ಮನೆಯಲ್ಲಿ ಸಮಾಧಾನವಾಗಿ ಓದಿ, ಬೇಕಿದ್ದರೆ ಕಾವ್ಯಾಳ ಜೊತೆ ಕುಳಿತು ಲೆಕ್ಕ ನೋಡಿ.

ಮೊದಲು ಹಣದ ವಿಚಾರ. ಹದಿನೆಂಟು ಸಾವಿರ ರೂಪಾಯಿಯನ್ನು ಮೇ 15ರ ಗುರುವಾರ ಕೊಡುತ್ತೇನೆ. ಬಡ್ಡಿ ಇಲ್ಲ. ಸಮಯದ ವಿಚಾರದಲ್ಲಿ ನಿಮ್ಮ ಉತ್ತರ ಏನೇ ಇರಲಿ, ಈ ಹಣ ನಿಮಗೆ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗಿಯ ಓದು ನಮ್ಮ ಮನೆಯ ಅನುಕೂಲ ನೋಡಿಕೊಂಡು ಮುಂದುವರಿಯಬೇಕಾಗಿಲ್ಲ.

ಈಗ ಸಮಯದ ಮಾತು. ಕಾರಣವನ್ನು ಸುತ್ತಿ ಬಳಸದೆ ಹೇಳುತ್ತೇನೆ. ಸೊಂಟದ ಶಸ್ತ್ರಚಿಕಿತ್ಸೆ ಆದಮೇಲೆ ಅತ್ತೆಯವರು ವಾಕರ್ ಹಿಡಿದೇ ಓಡಾಡಬೇಕು. ಈಗ ಬೇಸಿಗೆ ರಜೆ, ನಾನು ಮನೆಯಲ್ಲಿದ್ದೇನೆ. ತಿಂಗಳ ಕೊನೆಗೆ ಶಾಲೆ ತೆರೆದರೆ ಬೆಳಿಗ್ಗೆಯೇ ಹೊರಡಬೇಕು. ಯಜಮಾನರು ಹತ್ತೂವರೆಗೆ ಕಚೇರಿಗೆ ಹೋಗುತ್ತಾರೆ, ಮಗ ಕಾಲೇಜಿನಿಂದ ಬರುವುದು ಒಂದೂವರೆಗೆ. ಆ ಮೂರು ಗಂಟೆ ಅತ್ತೆಯವರು ಒಬ್ಬರೇ ಇರಬೇಕಾಗುತ್ತದೆ. ಆ ಹೊತ್ತಿನಲ್ಲಿ ನೀವು ಮನೆಯಲ್ಲಿದ್ದರೆ ನನಗೆ ಧೈರ್ಯ.

ಈಗ ನೀವು ಬೆಳಿಗ್ಗೆ ಏಳರಿಂದ ಎಂಟೂಕಾಲು, ಸಂಜೆ ನಾಲ್ಕೂವರೆಯಿಂದ ಐದೂಮುಕ್ಕಾಲು, ಹೀಗೆ ಎರಡು ಸಲ ಬರುತ್ತೀರಿ. ಅದರ ಬದಲು ಜೂನ್ 2ರ ಸೋಮವಾರದಿಂದ ಒಂದೇ ಸಲ, ಹತ್ತೂವರೆಯಿಂದ ಒಂದೂವರೆಯವರೆಗೆ ಬರಲು ಆಗುತ್ತದೆಯೇ? ಪಕ್ಕದ ರಸ್ತೆಯ ಡಾಕ್ಟರ ಮನೆಯ ಕೆಲಸ ಹತ್ತೂಕಾಲಿಗೆ ಮುಗಿಯುತ್ತದೆ ಎಂದಿದ್ದಿರಿ, ಹಾಗಾಗಿ ಅದಕ್ಕೆ ತೊಂದರೆ ಆಗಲಾರದು. ಸಂಜೆ ಮತ್ತೆ ಕದಿರೇನಹಳ್ಳಿಯಿಂದ ಬರುವುದು ತಪ್ಪುತ್ತದೆ. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿದಿದೆಯೇ ಹೊರತು, ನಿಲ್ದಾಣದಲ್ಲಿ ಕಾಯುವ ಹೊತ್ತು ಉಳಿದಿಲ್ಲವಲ್ಲ.

ಇದರಿಂದ ನಿಮಗೆ ನಷ್ಟವೂ ಇದೆ. ಹನ್ನೊಂದು ಗಂಟೆಗೆ ಇನ್ನೊಂದು ಮನೆ ಹಿಡಿಯುವ ಯೋಚನೆ ನಿಮಗಿತ್ತು. ನಮ್ಮ ಮನೆಗೆ ಒಪ್ಪಿದರೆ ಆ ಹೊತ್ತು ಕೈತಪ್ಪುತ್ತದೆ. ಸಂಜೆ ಬಿಡುವಾಗುತ್ತದೆ ನಿಜ, ಆದರೆ ಸಂಜೆಗೆ ಬೇರೆ ಮನೆ ಸಿಗುವುದೋ ಇಲ್ಲವೋ ನಾನು ಹೇಳಲಾರೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಉತ್ತರ ಹೇಳಿ.

ಹೊಸ ಸಮಯಕ್ಕೆ ಹೊಸ ಸಂಬಳ. ಈಗ ದಿನಕ್ಕೆ ಎರಡೂವರೆ ಗಂಟೆಗೆ ತಿಂಗಳಿಗೆ 5,500 ರೂಪಾಯಿ ಕೊಡುತ್ತಿದ್ದೇವೆ. ಅದೇ ಲೆಕ್ಕದಲ್ಲಿ ಹೆಚ್ಚಾಗುವ ಅರ್ಧ ಗಂಟೆಗೆ 1,100. ಅತ್ತೆಯವರ ಮೇಲೆ ಒಂದು ಕಣ್ಣಿಟ್ಟಿರುವುದು ಪಾತ್ರೆ ತೊಳೆಯುವುದಕ್ಕಿಂತ ಬೇರೆಯೇ ಹೊಣೆ, ಅದಕ್ಕೆ 900. ಒಟ್ಟು 7,500 ರೂಪಾಯಿ, ಎಂದಿನಂತೆ ತಿಂಗಳ ಒಂದನೇ ತಾರೀಖು. ಇದು ಕಡಿಮೆ ಅನಿಸಿದರೆ ದಯವಿಟ್ಟು ಸಂಕೋಚ ಬೇಡ. ಇಷ್ಟು ಬೇಕು ಎಂದು ಬಾಯಿಬಿಟ್ಟು ಕೇಳಿ. ಮನೆಗೆಲಸಕ್ಕೆ ಕನಿಷ್ಠ ವೇತನ ಇಷ್ಟೆಂದು ನಮ್ಮ ರಾಜ್ಯ 2004ರಲ್ಲೇ ನಿಗದಿ ಮಾಡಿದೆ. ಸಂಬಳದ ಬಗ್ಗೆ ಮಾತನಾಡುವುದು ನಿಮ್ಮ ಹಕ್ಕು, ನನ್ನ ಮೇಲಿನ ಅಗೌರವವಲ್ಲ.

ಕೆಲಸ ಯಾವುದು, ಯಾವುದಲ್ಲ ಎಂಬುದನ್ನೂ ಈಗಲೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮನೆಗಳಲ್ಲಿ ಮನಸ್ತಾಪ ಹುಟ್ಟುವುದೇ ಇಲ್ಲಿ. ಪಾತ್ರೆ, ಕಸ ಗುಡಿಸಿ ನೆಲ ಒರೆಸುವುದು, ಮೆಷಿನ್‌ನಿಂದ ತೆಗೆದ ಬಟ್ಟೆ ಒಣಹಾಕುವುದು ಮೊದಲಿನಂತೆಯೇ. ಹನ್ನೆರಡೂವರೆಗೆ ಅತ್ತೆಯವರಿಗೆ ಊಟ ಬಡಿಸಿಕೊಡುವುದು ಹೊಸದು. ಅಡುಗೆ ನಾನೇ ಮಾಡಿಟ್ಟಿರುತ್ತೇನೆ, ಬಿಸಿ ಮಾಡಿದರೆ ಸಾಕು. ಅವರನ್ನು ಎತ್ತುವುದು, ಸ್ನಾನ ಮಾಡಿಸುವುದು, ಬಚ್ಚಲಿಗೆ ಕರೆದೊಯ್ಯುವುದು ನಿಮ್ಮ ಕೆಲಸವಲ್ಲ. ಸ್ನಾನ ಯಜಮಾನರು ಹೊರಡುವ ಮೊದಲೇ ಆಗಿರುತ್ತದೆ. ಬಚ್ಚಲಿಗೆ ಅವರು ವಾಕರ್ ಹಿಡಿದು ತಾವೇ ಹೋಗುತ್ತಾರೆ. ಮಾತ್ರೆಗಳನ್ನು ನಾನು ಡಬ್ಬಿಯಲ್ಲಿ ವಿಂಗಡಿಸಿ ಇಡುತ್ತೇನೆ, ಅವರೇ ತೆಗೆದುಕೊಳ್ಳುತ್ತಾರೆ. ಯಾವ ಮಾತ್ರೆ ಎಂದು ನೀವು ನೋಡಬೇಕಾಗಿಲ್ಲ. ಅವರು ಕಾಲು ಜಾರಿದರೆ, ತಲೆ ಸುತ್ತು ಬಂದರೆ, ಎಬ್ಬಿಸಲು ಹೋಗದೆ ಮೊದಲು ಯಜಮಾನರಿಗೆ ಫೋನ್ ಮಾಡಿ, ಆಮೇಲೆ ಎದುರುಮನೆಯವರನ್ನು ಕರೆಯಿರಿ. ಎರಡೂ ನಂಬರನ್ನು ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸುತ್ತೇನೆ. ಅಂಥದ್ದೇನಾದರೂ ಆದರೆ ಅದಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ. ಈ ಮಾತನ್ನು ಯಜಮಾನರೂ ಒಪ್ಪಿದ್ದಾರೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದನ್ನು ಇನ್ನು ನಾನು ನೋಡಿಕೊಳ್ಳುತ್ತೇನೆ. ಸಂಜೆಯ ಕಾಫಿ ಲೋಟ, ತಟ್ಟೆಗಳನ್ನು ಮಗ ತೊಳೆಯುತ್ತಾನೆ. ರಾತ್ರಿಯ ಪಾತ್ರೆಗಳು ಮಾತ್ರ ಮರುದಿನಕ್ಕೆ ಉಳಿಯುತ್ತವೆ, ಒಣಗದಂತೆ ನೀರು ಹಾಕಿಟ್ಟಿರುತ್ತೇವೆ. ಭಾನುವಾರ ನಾವೆಲ್ಲ ಮನೆಯಲ್ಲಿರುವುದರಿಂದ ಎಲ್ಲ ಭಾನುವಾರವೂ ನಿಮಗೆ ರಜೆ, ಈಗಿನಂತೆ ತಿಂಗಳಿಗೆ ಎರಡೇ ಅಲ್ಲ. ಭಾನುವಾರದ ಪಾತ್ರೆಯನ್ನು ಸೋಮವಾರಕ್ಕೆ ಗುಡ್ಡೆ ಹಾಕಿಡುವುದಿಲ್ಲ, ನಾವೇ ತೊಳೆದುಕೊಳ್ಳುತ್ತೇವೆ. ಹುಷಾರಿಲ್ಲದೆ ಬರಲಾಗದಿದ್ದರೆ ಸಂಬಳ ಕತ್ತರಿಸುವುದಿಲ್ಲ. ಆದರೆ ಬೆಳಿಗ್ಗೆ ಎಂಟರೊಳಗೆ ಒಂದು ಫೋನ್ ಮಾಡಬೇಕು. ಇದೊಂದನ್ನು ಮಾತ್ರ ಒತ್ತಿ ಕೇಳಿಕೊಳ್ಳುತ್ತೇನೆ. ತಡವಾಗಿ ತಿಳಿದರೆ ಅತ್ತೆಯವರ ಜೊತೆ ಇರಲು ಬೇರೆಯವರನ್ನು ಹುಡುಕುವುದು ಕಷ್ಟ. ಮಧ್ಯಾಹ್ನದ ಊಟ ನಮ್ಮಲ್ಲೇ ಮಾಡಿ, ಅತ್ತೆಯವರ ಜೊತೆ ಮೇಜಿನ ಬಳಿಯೇ ಕುಳಿತು. ಊಟಕ್ಕೆ ಕೂರುವ ಹೊತ್ತು ಆ ಮೂರು ಗಂಟೆಯ ಒಳಗಿನದೇ.

ಜೂನ್ ತಿಂಗಳು ಹೀಗೆ ನಡೆಸಿ ನೋಡೋಣ. ನಿಮಗೆ ಸರಿಹೋಗದಿದ್ದರೆ ಜುಲೈಯಿಂದ ಹಳೆಯ ಸಮಯಕ್ಕೇ ಬನ್ನಿ. ಈಗಲೇ ಆಗುವುದಿಲ್ಲ ಎಂದರೂ ಬೇಸರವಿಲ್ಲ. ಈಗಿನ ಕೆಲಸ, ಈಗಿನ ಸಂಬಳ ಹಾಗೆಯೇ ಇರುತ್ತದೆ. ಮಧ್ಯಾಹ್ನಕ್ಕೆ ಮಾತ್ರ ಬೇರೆ ಯಾರನ್ನಾದರೂ ನೋಡುತ್ತೇವೆ.

ಇನ್ನು ಮುಂಗಡ ತೀರಿಸುವ ಬಗೆ. ಜೂನ್‌ನಲ್ಲಿ ಪುಸ್ತಕ, ಸಮವಸ್ತ್ರ ಅಂತ ಖರ್ಚಿರುತ್ತದೆ, ಆ ತಿಂಗಳು ಏನನ್ನೂ ಹಿಡಿಯುವುದಿಲ್ಲ. ಹೊಸ ಸಂಬಳಕ್ಕೆ ಒಪ್ಪಿದರೆ ಜುಲೈ ತಿಂಗಳ ಸಂಬಳದಿಂದ ತಿಂಗಳಿಗೆ 1,500ರಂತೆ ಹನ್ನೆರಡು ಕಂತು. ಕೈಗೆ 6,000 ಬರುತ್ತದೆ, ಅಂದರೆ ಈಗಿನದಕ್ಕಿಂತ ಕಡಿಮೆಯಾಗುವುದಿಲ್ಲ. ಹಳೆಯ ಸಮಯದಲ್ಲೇ ಮುಂದುವರಿದರೆ 1,500 ಹಿಡಿಯುವುದು ಹೆಚ್ಚಾಗುತ್ತದೆ. ಆಗ 1,000ದಂತೆ ಹದಿನೆಂಟು ಕಂತು ಮಾಡೋಣ. ಎರಡರಲ್ಲಿ ಯಾವುದಾದರೂ, ದೀಪಾವಳಿ ಬರುವ ಅಕ್ಟೋಬರ್ ಸಂಬಳದಿಂದ ಕಂತು ಹಿಡಿಯುವುದಿಲ್ಲ. ಹಬ್ಬಕ್ಕೆ ಕೊಡುವ ಒಂದು ತಿಂಗಳ ಸಂಬಳವನ್ನೂ ಸಾಲಕ್ಕೆ ವಜಾ ಮಾಡಿಕೊಳ್ಳುವುದಿಲ್ಲ. ಯಾವುದಾದರೂ ತಿಂಗಳು ಕೈ ಬಿಗಿಯಾದರೆ ಒಂದು ವಾರ ಮುಂಚೆ ಹೇಳಿ, ಆ ಕಂತನ್ನು ಕೊನೆಗೆ ತಳ್ಳೋಣ.

ಹಣ ಹೇಗೆ ಕೊಡಲಿ ಎಂಬುದು ನಿಮ್ಮ ಇಷ್ಟ. ಗೃಹಲಕ್ಷ್ಮಿ ಹಣ ಬರುವ ಖಾತೆಗೆ ಹಾಕಬಹುದು. ಆದರೆ ಅದರ ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲಿಲ್ಲ ಎಂದು ಹಿಂದೊಮ್ಮೆ ಹೇಳಿದ್ದಿರಿ. ನಿಮ್ಮ ಕೈಗೇ ನಗದು ಕೊಡಲೂಬಹುದು, ಅಥವಾ ನಿಮ್ಮೊಂದಿಗೆ ಬಂದು ಕಾಲೇಜಿನಲ್ಲೇ ಶುಲ್ಕ ಕಟ್ಟಿ ಉಳಿದದ್ದನ್ನು ನಿಮಗೆ ಕೊಡಬಹುದು. ನಮ್ಮ ಮನೆಯಲ್ಲಿ ಈ ವಿಷಯ ಗೊತ್ತಿರುವುದು ನನಗೆ ಮತ್ತು ಯಜಮಾನರಿಗೆ ಮಾತ್ರ. ಡಾಕ್ಟರ ಮನೆಯವರಿಗಾಗಲಿ, ಬೇರೆ ಯಾರಿಗಾಗಲಿ ನಮ್ಮಿಂದ ಹೋಗುವುದಿಲ್ಲ.

ನಮ್ಮ ಕಡೆಯಿಂದ ಕೆಲಸ ನಿಲ್ಲಿಸಬೇಕಾಗಿ ಬಂದರೆ ಒಂದು ತಿಂಗಳು ಮೊದಲೇ ಹೇಳುತ್ತೇವೆ, ಇಲ್ಲವಾದರೆ ಒಂದು ತಿಂಗಳ ಸಂಬಳ ಕೊಡುತ್ತೇವೆ. ಒಳ್ಳೆಯ ಕೆಲಸ ಸಿಕ್ಕಿ ನೀವು ಬಿಡುವುದಾದರೆ, ಸಾಲ ತೀರಿಲ್ಲ ಎಂದು ಉಳಿಯಬೇಕಾಗಿಲ್ಲ. ದುಡಿದ ದಿನಗಳ ಸಂಬಳ ಪೂರ್ತಿ ಕೊಡುತ್ತೇವೆ, ಬಾಕಿಯನ್ನು ಅದೇ ಕಂತಿನಂತೆ ತಂದುಕೊಡಿ. ಒತ್ತೆಗೆ ಒಡವೆಯಾಗಲಿ, ರೇಷನ್ ಕಾರ್ಡ್ ಆಗಲಿ, ಆಧಾರ್ ಆಗಲಿ ನಮಗೆ ಬೇಡ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದನ್ನೇ ಜೀತವೆಂದು 1976ರ ಕಾಯ್ದೆ ನಿಷೇಧಿಸಿದೆ. ದೊಡ್ಡ ತೋಟಗಳಿಗೆ, ಇಟ್ಟಿಗೆ ಗೂಡುಗಳಿಗೆ ಮಾತ್ರ ಅನ್ವಯಿಸುವ ಮಾತು ಅದೆಂದು ನಾನು ತಿಳಿದಿಲ್ಲ. ಸಾಲ ಕೊಟ್ಟಿದ್ದೇವೆಂಬ ಕಾರಣಕ್ಕೆ ಒಂದು ಲೋಟ ಹೆಚ್ಚು ತೊಳೆಯಿರಿ ಎಂದು ನಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ, ಅವತ್ತೇ ನನಗೆ ತಿಳಿಸಿ.

ಇನ್ನೊಂದು ಮಾತು, ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಇದರ ಜೊತೆಗೆ ವಾರದ ಕಂತಿನ ಸಾಲ ತೆಗೆಯುವ ಯೋಚನೆ ಇದ್ದರೆ, ಮೊದಲು ನನ್ನ ಬಳಿ ಕುಳಿತು ಒಂದು ಸಲ ಲೆಕ್ಕ ಮಾಡೋಣ. ವಸೂಲಿಯ ಕಿರುಕುಳ ತಡೆಯಲು ಸರ್ಕಾರ ಈ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತೀರ್ಮಾನ ನಿಮ್ಮದೇ. ಇನ್ನೂ ಎರಡೋ ಮೂರೋ ಸಾವಿರ ಬೇಕಾದರೆ ಅಲ್ಲಿಗೆ ಹೋಗುವ ಮೊದಲು ನನ್ನನ್ನು ಕೇಳಿ.

ಈ ಕಾಗದದ ಎರಡು ಪ್ರತಿ ಮಾಡಿದ್ದೇನೆ. ಎರಡಕ್ಕೂ ನಾನು ಸಹಿ ಹಾಕಿದ್ದೇನೆ. ನಿಮಗೆ ಒಪ್ಪಿಗೆಯಾದ ಮೇಲೆ ನೀವೂ ಸಹಿ ಮಾಡಿ ಒಂದನ್ನು ಇಟ್ಟುಕೊಳ್ಳಿ. ಬದಲಾಯಿಸಬೇಕಾದ ಕಡೆ ಪೆನ್ನಿನಲ್ಲಿ ಗುರುತು ಮಾಡಿ ತನ್ನಿ, ಮಾತನಾಡಿ ತಿದ್ದೋಣ. ಕಂತಿನ ಲೆಕ್ಕಕ್ಕೆ ಒಂದು ಸಣ್ಣ ಪುಸ್ತಕ ತಂದಿದ್ದೇನೆ. ಪ್ರತಿ ತಿಂಗಳು ಹಿಡಿದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕೋಣ. ಆ ಪುಸ್ತಕ ನಿಮ್ಮ ಬಳಿಯೇ ಇರಲಿ.

ಹಣ ಯಾವ ರೀತಿ ಬೇಕೆಂಬುದನ್ನು ಬುಧವಾರದೊಳಗೆ ತಿಳಿಸಿ. ಸಮಯದ ವಿಚಾರಕ್ಕೆ ಅವಸರವಿಲ್ಲ, ಮೇ 20ರ ಮಂಗಳವಾರದೊಳಗೆ ಹೇಳಿದರೆ ಸಾಕು. ಕಾವ್ಯಾಳಿಗೆ ನನ್ನ ಅಭಿನಂದನೆ ತಿಳಿಸಿ. ವಾಣಿಜ್ಯ ವಿಭಾಗಕ್ಕೆ ಸೇರುತ್ತಾಳೆಂದರೆ ಮಗನ ಹಳೆಯ ಅಕೌಂಟೆನ್ಸಿ ಪುಸ್ತಕಗಳಿವೆ. ಪಠ್ಯ ಬದಲಾಗಿಲ್ಲ ಎಂದು ಕಾಲೇಜಿನಲ್ಲಿ ಕೇಳಿಕೊಂಡು ತೆಗೆದುಕೊಂಡು ಹೋಗಲಿ.

ಇಂತಿ,
ಸುಮಾ