ಜಾಮೀನುದಾರನ ಪ್ರಮಾಣಪತ್ರ

ಕಾಸರಗೋಡಿನ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮ್ಮುಖಕ್ಕೆ

ಸಿ.ಸಿ. ಸಂಖ್ಯೆ 418/2025
(ಬದಿಯಡ್ಕ ಪೊಲೀಸ್ ಠಾಣೆ, ಅಪರಾಧ ಸಂಖ್ಯೆ 731/2024, ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 125(ಬಿ))

ದೂರುದಾರರು: ಕೇರಳ ರಾಜ್ಯ
ಆರೋಪಿ: ಚಂದ್ರಶೇಖರ, 31 ವರ್ಷ, ತಂದೆ ದಿವಂಗತ ಐತಪ್ಪ ನಾಯ್ಕ

ಬದಿಯಡ್ಕ ಗ್ರಾಮದ ಹೊಸಮನೆ ನಿವಾಸಿ, ದಿವಂಗತ ಸಂಕಪ್ಪ ರೈಯವರ ಮಗ, 58 ವರ್ಷ ಪ್ರಾಯದ ನಾರಾಯಣ ರೈ ಎಂಬ ನಾನು ಸತ್ಯಪ್ರತಿಜ್ಞೆ ಮಾಡಿ ಈ ಕೆಳಗಿನಂತೆ ಹೇಳಿಕೊಳ್ಳುತ್ತೇನೆ.

1. ನಾನು ಬದಿಯಡ್ಕ ಪೇಟೆಯಲ್ಲಿ ದಿನಸಿ ವ್ಯಾಪಾರಿ. ಮೇಲ್ಕಂಡ ಆರೋಪಿ ನನ್ನ ಅಂಗಡಿಯ ನೌಕರ. ಮಾನ್ಯ ನ್ಯಾಯಾಲಯವು ಇವರಿಗೆ 50,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತದ ಇಬ್ಬರು ಜಾಮೀನುದಾರರ ಮೇಲೆ ಜಾಮೀನು ನೀಡಲು ಆದೇಶಿಸಿದೆ. ಆ ಇಬ್ಬರಲ್ಲಿ ಒಬ್ಬನಾಗಿ ನಿಲ್ಲಲು ಈ ಪ್ರಮಾಣಪತ್ರವನ್ನು ಸಲ್ಲಿಸುತ್ತಿದ್ದೇನೆ. ನಾನು ಓದು ಬರಹ ಕಲಿತದ್ದು ಕನ್ನಡದಲ್ಲಿ. ಆದುದರಿಂದ ಇದನ್ನು ಕನ್ನಡದಲ್ಲಿಯೇ ಬರೆಸಿದ್ದೇನೆ. ಮಲಯಾಳಂ ಅನುವಾದವನ್ನು ಜೊತೆಗಿರಿಸಿದೆ.

2. ಆರೋಪಿಗೂ ನನಗೂ ರಕ್ತಸಂಬಂಧವಾಗಲಿ ಮದುವೆಯ ಸಂಬಂಧವಾಗಲಿ ಇಲ್ಲ. ಇವರ ತಂದೆ ಐತಪ್ಪ ನಾಯ್ಕರು ನನ್ನ ತಂದೆಯ ಕಾಲದಿಂದಲೂ ನಮ್ಮ ಅಂಗಡಿಯಲ್ಲಿ ಮೂಟೆ ಇಳಿಸುವ, ಅಕ್ಕಿ ಅಳೆಯುವ ಕೆಲಸಕ್ಕಿದ್ದರು. ಅವರು ತೀರಿಕೊಂಡ ನಂತರ, 2014ರಲ್ಲಿ, ಚಂದ್ರಶೇಖರ ಕೆಲಸಕ್ಕೆ ಸೇರಿದರು. ಮೊದಲು ತಕ್ಕಡಿಯ ಬಳಿ ಇದ್ದವರು ವಾಹನ ಚಾಲನೆಯ ಪರವಾನಗಿ ಪಡೆದ ಮೇಲೆ ಸರಕು ಸಾಗಣೆಯನ್ನೂ ನೋಡಿಕೊಳ್ಳುತ್ತಿದ್ದಾರೆ. ನಾನು ಊರಲ್ಲಿಲ್ಲದ ದಿನ ಅಂಗಡಿಯ ಬೀಗದ ಕೈ ಇವರ ಬಳಿ ಇರುತ್ತದೆ. ಸಾಲದ ಪುಸ್ತಕ ಬರೆಯುವವರು, ಸಂಜೆಯ ಹಣ ಎಣಿಸಿ ಬ್ಯಾಂಕಿಗೆ ಕಟ್ಟುವವರು ಇವರೇ. ಇಷ್ಟು ವರ್ಷಗಳಲ್ಲಿ ಆ ಲೆಕ್ಕದಲ್ಲಿ ವ್ಯತ್ಯಾಸ ಬಂದದ್ದಿಲ್ಲ. ಇವರಿಗೆ ತಿಂಗಳಿಗೆ 19,000 ರೂಪಾಯಿ ಸಂಬಳವನ್ನು ಬ್ಯಾಂಕ್ ಖಾತೆಗೆ ಜಮಾ ಮಾಡುತ್ತೇನೆ. ಸಂಬಳದ ಹೊರತು ನಮ್ಮಿಬ್ಬರ ನಡುವೆ ಬೇರೆ ಹಣಕಾಸಿನ ವ್ಯವಹಾರವಿಲ್ಲ. ಜಾಮೀನು ನಿಲ್ಲುವುದಕ್ಕಾಗಿ ಇವರಿಂದಾಗಲಿ ಇವರ ಕಡೆಯವರಿಂದಾಗಲಿ ನಾನು ಏನನ್ನೂ ಪಡೆದಿಲ್ಲ.

3. ನ್ಯಾಯಾಲಯದಿಂದ ಮರೆಮಾಚಬಾರದ ಒಂದು ವಿಷಯವಿದೆ. ಪ್ರಕರಣಕ್ಕೆ ಕಾರಣವಾದ ಗೂಡ್ಸ್ ಆಟೋರಿಕ್ಷಾ ನನ್ನ ಹೆಸರಿನಲ್ಲಿ ನೋಂದಣಿಯಾಗಿದೆ, ಅದಕ್ಕೆ ಚಾಲ್ತಿಯಲ್ಲಿರುವ ವಿಮೆ ಇತ್ತು. ಅಪಘಾತದಲ್ಲಿ ಸ್ಕೂಟರ್ ಸವಾರರ ಕಾಲಿನ ಮೂಳೆ ಮುರಿದಿದೆ, ಅವರು ತಿಂಗಳುಗಟ್ಟಲೆ ನೋವು ತಿಂದಿದ್ದಾರೆ. ತಪ್ಪು ಯಾರದೆಂದು ತೀರ್ಮಾನಿಸುವುದು ಈ ನ್ಯಾಯಾಲಯ. ಘಟನೆಯ ಸ್ಥಳದಲ್ಲಿ ನಾನಿರಲಿಲ್ಲವಾದ್ದರಿಂದ ಆ ಬಗ್ಗೆ ಇಲ್ಲಿ ಒಂದು ಮಾತನ್ನೂ ಹೇಳುವುದಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟು: ಫೋನು ಬಂದು ನಾನು ಆಸ್ಪತ್ರೆಗೆ ಧಾವಿಸಿದಾಗ ಚಂದ್ರಶೇಖರ ಗಾಯಾಳುವಿನ ಬಳಿಯಲ್ಲಿಯೇ ಇದ್ದರು, ಅವರ ಮನೆಯವರು ಬಂದ ಮೇಲೂ ಇದ್ದರು, ಅಲ್ಲಿಂದ ನನ್ನ ಜೊತೆಯಲ್ಲಿಯೇ ಠಾಣೆಗೆ ಬಂದರು. ಓಡಿಹೋಗುವ ಮನುಷ್ಯನಾಗಿದ್ದರೆ ಆ ದಿನವೇ ಹೋಗಬಹುದಿತ್ತು.

4. ಕಳೆದ ಅವಧಿಗೆ ಇವರು ಹಾಜರಾಗದೆ ವಾರಂಟ್ ಹೊರಟದ್ದು ನನಗೆ ತಿಳಿದಿದೆ. ಸಮನ್ಸ್ ಹೋದದ್ದು ನೀರ್ಚಾಲಿನ ಬಾಡಿಗೆ ಮನೆಗೆ. ಅದಕ್ಕೆ ಮುಂಚೆಯೇ ಇವರು ಆ ಮನೆಯನ್ನು ಬಿಟ್ಟು ನನ್ನ ಅಂಗಡಿಯ ಮೇಲಂತಸ್ತಿನ ಕೋಣೆಗೆ ಬಂದಿದ್ದರು. ವಾರಂಟಿನ ಸುದ್ದಿ ತಿಳಿದ ಮರುದಿನವೇ ವಕೀಲರ ಮೂಲಕ ನ್ಯಾಯಾಲಯದ ಮುಂದೆ ಹಾಜರಾದರು. ಮುಂದೆ ನ್ಯಾಯಾಲಯದ ಕಾಗದಗಳನ್ನು ಕಳುಹಿಸಬೇಕಾದ ವಿಳಾಸ: ರೈ ಸ್ಟೋರ್ಸ್, ಕಟ್ಟಡ ಸಂಖ್ಯೆ 6/218, ಬದಿಯಡ್ಕ. ಇವರ ಸ್ವಂತ ಮನೆ ಕಾರಡ್ಕ ಗ್ರಾಮದಲ್ಲಿದೆ. ತಾಯಿಯೂ ಮದುವೆಯಾಗದ ತಂಗಿಯೂ ಅಲ್ಲಿದ್ದಾರೆ. ಸಂಸಾರ ನಡೆಯುವುದು ಇವರ ಸಂಬಳದಿಂದ. ನಮ್ಮ ಜಿಲ್ಲೆಯ ಎಷ್ಟೋ ಯುವಕರಂತೆ ಇವರು ಗಲ್ಫಿಗೆ ಹೊರಟವರಲ್ಲ, ಪಾಸ್‌ಪೋರ್ಟ್ ಮಾಡಿಸಿಯೇ ಇಲ್ಲ.

5. ಜಾಮೀನಿಗೆ ಆಧಾರವಾಗಿ ನಾನು ತೋರಿಸುವ ಆಸ್ತಿಯ ವಿವರ:

ಕಾಸರಗೋಡು ತಾಲೂಕು ಬದಿಯಡ್ಕ ಗ್ರಾಮದ ರೀಸರ್ವೆ ನಂಬ್ರ 214/3ರಲ್ಲಿ 6 ಸೆಂಟ್ಸ್, ಅಂದರೆ 2.43 ಆರ್ ಸ್ಥಳ ಮತ್ತು ಅದರಲ್ಲಿರುವ ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಚಕ್ಬಂದಿ: ಪೂರ್ವಕ್ಕೆ ಲೋಕೋಪಯೋಗಿ ರಸ್ತೆ, ದಕ್ಷಿಣಕ್ಕೆ ಪಂಚಾಯತು ಕಾಲುದಾರಿ, ಪಶ್ಚಿಮಕ್ಕೆ ಮತ್ತು ಉತ್ತರಕ್ಕೆ ನನ್ನ ತಮ್ಮ ಬಾಲಕೃಷ್ಣ ರೈಯವರ ಸ್ಥಳ. ಈ ಸ್ಥಳವು 2006ರಲ್ಲಿ ನೋಂದಣಿಯಾದ ಪಾಲುಪತ್ರದ ಪ್ರಕಾರ ನನಗೆ ಸಂದಿದೆ. ಕಟ್ಟಡವನ್ನು ನಂತರ ನಾನೇ ಕಟ್ಟಿಸಿದ್ದೇನೆ. ಕೆಳಗೆ ಅಂಗಡಿ, ಹಿಂದೆ ದಾಸ್ತಾನು ಕೋಣೆ, ಮೇಲೆ ಎರಡು ಕೋಣೆಗಳು. ಆಸ್ತಿಯು ನನ್ನ ಒಬ್ಬನ ಹೆಸರಿನಲ್ಲಿದ್ದು ನನ್ನ ಸ್ವಾಧೀನದಲ್ಲಿದೆ. ಇದನ್ನು ಮಾರಿಲ್ಲ, ಅಡವು ಇಟ್ಟಿಲ್ಲ, ಮಾರುವ ಕರಾರು ಮಾಡಿಕೊಂಡಿಲ್ಲ. ಯಾವ ನ್ಯಾಯಾಲಯದ ಜಪ್ತಿಯೂ ಇದರ ಮೇಲಿಲ್ಲ. ನನ್ನ ತಿಳುವಳಿಕೆಯಂತೆ ಇದರ ಇಂದಿನ ಬೆಲೆ 24 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಈ ವರ್ಷದ ಭೂತೆರಿಗೆ ರಶೀದಿ, ಗ್ರಾಮಾಧಿಕಾರಿಯವರು ನೀಡಿದ ಸ್ವಾಧೀನ ಸರ್ಟಿಫಿಕೇಟ್, ಪಂಚಾಯತಿನ ಕಟ್ಟಡ ತೆರಿಗೆ ರಶೀದಿ, ಋಣಭಾರ ಸರ್ಟಿಫಿಕೇಟ್ ಮತ್ತು ನನ್ನ ಮತದಾರರ ಗುರುತು ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಪಾಲುಪತ್ರದ ಮೂಲ ಪ್ರತಿಯನ್ನು ಪರಿಶೀಲನೆಗೆ ತಂದಿದ್ದೇನೆ.

ನೀರ್ಚಾಲು ಗ್ರಾಮದಲ್ಲಿ ನನಗೆ 1 ಎಕ್ರೆ 12 ಸೆಂಟ್ಸ್ ಅಡಿಕೆ ತೋಟವೂ ಇದೆ. ಅದರ ಮೇಲೆ ಸಹಕಾರಿ ಬ್ಯಾಂಕಿನ ಕೃಷಿ ಸಾಲ ಇರುವುದರಿಂದ ಅದನ್ನು ಜಾಮೀನಿಗೆ ತೋರಿಸುತ್ತಿಲ್ಲ.

6. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 486ರಂತೆ ಘೋಷಿಸುವುದೇನೆಂದರೆ: ಈ ಪ್ರಕರಣದ ಆರೋಪಿಯೂ ಸೇರಿದಂತೆ ನಾನು ಈಗ ಜಾಮೀನು ನಿಂತಿರುವುದು ಒಬ್ಬರಿಗೆ ಮಾತ್ರ, ಅದು ಇದೇ ಚಂದ್ರಶೇಖರ ಅವರಿಗೆ. 2019ರಲ್ಲಿ ನೆರೆಮನೆಯವರೊಬ್ಬರಿಗೆ ಜಾಮೀನು ನಿಂತಿದ್ದೆ. ಅವರು ಎಲ್ಲ ಅವಧಿಗಳಿಗೂ ಹಾಜರಾಗಿ ಪ್ರಕರಣ ಮುಗಿದಿದೆ. ನನ್ನ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣವಿಲ್ಲ.

7. ಜಾಮೀನು ನಿಲ್ಲುವುದೆಂದರೆ ಏನೆಂದು ವಕೀಲರು ನನಗೆ ವಿವರಿಸಿದ್ದಾರೆ. ಆರೋಪಿ ಹಾಜರಾಗದೆ ಮುಚ್ಚಳಿಕೆ ಮುಟ್ಟುಗೋಲಾದರೆ ಕಲಂ 491ರಂತೆ 50,000 ರೂಪಾಯಿ ನಾನು ಕಟ್ಟಬೇಕಾಗಬಹುದು. ಕಟ್ಟದಿದ್ದರೆ ಅದನ್ನು ದಂಡದಂತೆ ನನ್ನ ಆಸ್ತಿಯಿಂದ ವಸೂಲು ಮಾಡಬಹುದು. ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇರಿಸಲೂಬಹುದು. ಇದನ್ನೆಲ್ಲ ಅರಿತೇ, ಯಾರ ಒತ್ತಾಯವೂ ಇಲ್ಲದೆ ಮುಂದೆ ಬಂದಿದ್ದೇನೆ. ಇವರ ತಂದೆ ನಮ್ಮ ಅಂಗಡಿಗಾಗಿ ಬೆನ್ನು ಬಾಗಿಸಿ ದುಡಿದವರು. ಮಗನ ಕಷ್ಟಕಾಲದಲ್ಲಿ ನಾನು ಕೈಬಿಡಲಾರೆ. ಆದರೆ ಆ ಋಣಕ್ಕಾಗಿ ಮಾತ್ರ ಈ ಸಹಿ ಹಾಕುತ್ತಿಲ್ಲ. ದಿನಾ ಎದುರಿಗೆ ಕಾಣುವ ಮನುಷ್ಯ ಇವರು, ಇವರ ಮಾತಿನ ಮೇಲೆ ನನಗೆ ಭರವಸೆ ಇದೆ.

8. ಮುಂದಿನ ಅವಧಿಯಾದ 15.12.2025ಕ್ಕೂ ಅನಂತರದ ಪ್ರತಿ ಅವಧಿಗೂ ಆರೋಪಿಯನ್ನು ಹಾಜರಾಗುವಂತೆ ನೋಡಿಕೊಳ್ಳುತ್ತೇನೆ. ಆ ದಿನಗಳಲ್ಲಿ ಇವರಿಗೆ ಸಂಬಳ ಸಹಿತ ರಜೆ ಕೊಡುತ್ತೇನೆ; ಸರಕು ತರಲು ಮಂಗಳೂರಿನ ಬಂದರಿಗೆ ಕಳುಹಿಸುವುದಿಲ್ಲ. ಇವರು ವಾಸಸ್ಥಳ ಬದಲಾಯಿಸಿದರೆ ಅಥವಾ ಕೆಲಸ ಬಿಟ್ಟರೆ ತಡಮಾಡದೆ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸುತ್ತೇನೆ. ಪ್ರಕರಣ ಮುಗಿಯುವವರೆಗೆ ಮೇಲೆ ಹೇಳಿದ ಅಂಗಡಿ ಸ್ಥಳವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವುದಿಲ್ಲ, ಅಡವು ಇಡುವುದಿಲ್ಲ.

ಆದುದರಿಂದ ನನ್ನನ್ನು ಜಾಮೀನುದಾರನಾಗಿ ಅಂಗೀಕರಿಸಬೇಕೆಂದು ಮಾನ್ಯ ನ್ಯಾಯಾಲಯವನ್ನು ಪ್ರಾರ್ಥಿಸುತ್ತೇನೆ.

ಸತ್ಯಾಪನೆ

ಮೇಲೆ 1ರಿಂದ 8ರವರೆಗಿನ ಕಂಡಿಕೆಗಳಲ್ಲಿ ಹೇಳಿದ ಸಂಗತಿಗಳು ನನ್ನ ಸ್ವಂತ ತಿಳುವಳಿಕೆಯಂತೆ ಸತ್ಯ. ಕಾನೂನಿನ ವಿಷಯಗಳು ವಕೀಲರು ತಿಳಿಸಿದಂತೆ ನಾನು ನಂಬಿರುವಂಥವು. ಯಾವುದನ್ನೂ ಬಚ್ಚಿಟ್ಟಿಲ್ಲ. 2025 ನವೆಂಬರ್ 17ರಂದು ಕಾಸರಗೋಡಿನಲ್ಲಿ ಸಹಿ ಮಾಡಿದ್ದೇನೆ.

(ಸಹಿ) ನಾರಾಯಣ ರೈ
ಪ್ರಮಾಣಿಕರು

ನನಗೆ ಪರಿಚಿತರಾದ ಪ್ರಮಾಣಿಕರು ಇದನ್ನು ಸ್ವತಃ ಓದಿ, ಸರಿಯೆಂದು ಒಪ್ಪಿ, ಮೇಲ್ಕಂಡ ದಿನ ನನ್ನ ಸಮ್ಮುಖದಲ್ಲಿ ಪ್ರತಿಜ್ಞೆ ಮಾಡಿ ಸಹಿ ಹಾಕಿದ್ದಾರೆ.

(ಸಹಿ) ಎಂ. ಸದಾಶಿವ
ವಕೀಲರು, ಕಾಸರಗೋಡು